ಫ್ಲ್ಯಾಶ್ ಹೊಡೆದ ಮುಖ, ನೆರಳಿನ ಗ್ರೂಪ್ ಫೋಟೋ: ಹೊಳಪು ಹೊಂದದಿದ್ದಾಗ ಮಾಡಬೇಕಾದ್ದು

ಗ್ರೂಪ್ ಫೋಟೋದಲ್ಲಿ ಒಬ್ಬರು ಮುಖ ತಿರುಗಿಸಿದ್ದಾರೆ, ಅವರದೇ ಇನ್ನೊಂದು ಫೋಟೋದಿಂದ ಮುಖ ತಂದು ಕೂರಿಸಬೇಕು. ಸ್ಟುಡಿಯೋಗಳಿಗೆ ದಿನಬೆಳಗಾದರೆ ಬರುವ ಕೆಲಸ ಇದು. ಅಳತೆ ಸರಿಹೋಗುತ್ತದೆ, ಕೋನ ಸರಿಹೋಗುತ್ತದೆ, ಅಂಚು ಕೂಡ ಗೊತ್ತಾಗದ ಹಾಗೆ ಕೂಡುತ್ತದೆ. ಆದರೂ ಫೋಟೋ ನೋಡಿದವರ ಕಣ್ಣು ಮೊದಲು ಹೋಗುವುದು ಅದೇ ಮುಖಕ್ಕೆ. ಸುತ್ತಲಿನವರ ಮೇಲೆ ಮೆದುವಾದ ಬೆಳಕು ಬಿದ್ದಿದೆ, ಈ ಮುಖದ ಹಣೆ, ಮೂಗಿನ ತುದಿ, ಕೆನ್ನೆಯ ಮೂಳೆ ಮಾತ್ರ ಎಣ್ಣೆ ಸವರಿದ ಹಾಗೆ ಮಿನುಗುತ್ತಿವೆ.

ಇಲ್ಲಿ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ಹೋಗೋಣ. ಗೃಹಪ್ರವೇಶದ ಬೆಳಿಗ್ಗೆ ಮನೆಯ ಉತ್ತರ ಬದಿಯ ನೆರಳಿನಲ್ಲಿ ತೆಗೆದ ಗ್ರೂಪ್ ಫೋಟೋ. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತ ಅಜ್ಜಿ ಅಷ್ಟೂ ಫ್ರೇಮ್‌ಗಳಲ್ಲಿ ಪಕ್ಕಕ್ಕೆ ತಿರುಗಿದ್ದಾರೆ. ಅವರ ಮುಖ ನೇರವಾಗಿ ಸಿಕ್ಕಿರುವುದು ಅದೇ ದಿನ ಸಂಜೆ, ಒಳಗಿನ ಹಾಲ್‌ನಲ್ಲಿ, ಕ್ಯಾಮೆರಾ ಮೇಲೆ ಕೂರಿಸಿದ ಫ್ಲ್ಯಾಶ್ ನೇರವಾಗಿ ಹೊಡೆದ ಒಂದು ಫ್ರೇಮ್‌ನಲ್ಲಿ ಮಾತ್ರ. ಕೆಲಸ ಫೋಟೋಶಾಪ್‌ನಲ್ಲಿ. ಮುಖದ ಎತ್ತರ ಸುಮಾರು 900 ಪಿಕ್ಸೆಲ್. ಕೆಳಗೆ ಹೇಳಿದ ಬ್ರಷ್ ಅಳತೆಗಳೆಲ್ಲ ಈ ಲೆಕ್ಕಕ್ಕೆ. ಮುಖ ಇದರ ಅರ್ಧ ಇದ್ದರೆ ಬ್ರಷ್ಷನ್ನೂ ಅರ್ಧ ಮಾಡಿಕೊಳ್ಳಿ.

ಮೊದಲು ಇದು ಯಾವ ಬಗೆಯ ಹೊಳಪು ಎಂದು ನೋಡಿ

ಹೆಚ್ಚಿನವರು ಇಲ್ಲೇ ದಾರಿ ತಪ್ಪುವುದು. ಹೊಳಪು ಕಂಡ ಕೂಡಲೇ ಕರ್ವ್ಸ್ ಹಾಕಿ ಬೆಳಕನ್ನು ಇಳಿಸುತ್ತಾರೆ. ಹೊಳಪು ಇಳಿಯುತ್ತದೆ ನಿಜ, ಅದರ ಜಾಗದಲ್ಲಿ ಬೂದು ಬಣ್ಣದ ತೇಪೆ ಉಳಿಯುತ್ತದೆ.

ಕಾರಣ ಇಷ್ಟೆ. ಚರ್ಮದ ಮೇಲೆ ಬಿದ್ದ ಬೆಳಕು ಎರಡು ರೀತಿಯಲ್ಲಿ ವಾಪಸ್ ಬರುತ್ತದೆ. ಒಂದು ಪಾಲು ಚರ್ಮದ ಒಳಗೆ ಹೋಗಿ, ಅಲ್ಲಿನ ಬಣ್ಣ ಹತ್ತಿಸಿಕೊಂಡು ಹೊರಗೆ ಬರುತ್ತದೆ. ನಾವು ಮೈಬಣ್ಣ ಅನ್ನುವುದು ಅದನ್ನೇ. ಇನ್ನೊಂದು ಪಾಲು ಮೇಲಿರುವ ಎಣ್ಣೆ ಮತ್ತು ಬೆವರಿನ ಪದರಕ್ಕೆ ತಾಗಿ, ಒಳಗೆ ಹೋಗದೆ ಹಾಗೇ ಚಿಮ್ಮುತ್ತದೆ. ಅದರಲ್ಲಿ ಮೈಬಣ್ಣ ಇರುವುದಿಲ್ಲ, ಬೆಳಕಿನ ಮೂಲದ ಬಣ್ಣ ಇರುತ್ತದೆ. ಫ್ಲ್ಯಾಶ್ ಆದರೆ ಬಿಳಿ. ಆ ಬಿಳಿಯನ್ನು ಎಷ್ಟು ಇಳಿಸಿದರೂ ಬೂದು ಬಣ್ಣ ಆಗುತ್ತದೆಯೇ ಹೊರತು ಮೈಬಣ್ಣ ಆಗುವುದಿಲ್ಲ. ಫ್ಲ್ಯಾಶ್‌ನ ತಲೆ ಅಂಗೈಗಿಂತ ಚಿಕ್ಕದು, ಆದ್ದರಿಂದ ಅದರ ಪ್ರತಿಫಲನವೂ ಚಿಕ್ಕದಾಗಿ, ಅಂಚು ಚೂಪಾಗಿ, ಪ್ರಖರವಾಗಿ ಕಾಣುತ್ತದೆ. ನೆರಳಿನಲ್ಲಿ ಕೂತವರ ಮುಖಕ್ಕೆ ಬೆಳಕು ಕೊಟ್ಟಿರುವುದು ತೆರೆದ ಆಕಾಶ. ಅವರ ಚರ್ಮದ ಮೇಲೂ ಇದೇ ಪ್ರತಿಫಲನ ಇದೆ, ಆದರೆ ಅಗಲವಾಗಿ ಹರಡಿ ತೆಳುವಾಗಿದೆ. ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ.

ಈಗ ಅಳತೆ. Eyedropper ಆರಿಸಿ Sample Size ಅನ್ನು `5 by 5 Average` ಮಾಡಿ, Info ಪ್ಯಾನೆಲ್ ತೆರೆದು ಅಜ್ಜಿಯ ಮುಖದ ಮೂರು ಕಡೆ ಇಡಿ. ನಮ್ಮ ಉದಾಹರಣೆಯಲ್ಲಿ ಸಿಕ್ಕ ಅಂಕಿ:

- ಹೊಳಪಿಲ್ಲದ ಕೆನ್ನೆ: R 196, G 150, B 124
- ಹಣೆಯ ಹೊಳಪಿನ ಅಂಚು: R 248, G 214, B 188
- ಹಣೆಯ ಹೊಳಪಿನ ನಡುಭಾಗ: R 255, G 252, B 247

R ನಿಂದ B ಕಳೆದು ನೋಡಿ. ಕೆನ್ನೆಯಲ್ಲಿ 72, ಅಂಚಿನಲ್ಲಿ 60, ನಡುವೆ ಬರೀ 8. ಅಂಚಿನಲ್ಲಿ ಹೊಳಪಿನ ಕೆಳಗೆ ಮೈಬಣ್ಣ ಇನ್ನೂ ಉಳಿದಿದೆ ಎಂದರ್ಥ. ನಡುಭಾಗದಲ್ಲಿ ಬಣ್ಣ ಪೂರ್ತಿ ಹೋಗಿದೆ, ಅಲ್ಲಿ ಮರಳಿ ಪಡೆಯುವುದಕ್ಕೆ ಏನೂ ಇಲ್ಲ, ಹೊಸದಾಗಿ ಕಟ್ಟಬೇಕು. ಈ ವ್ಯತ್ಯಾಸ ಮೊದಲೇ ತಿಳಿದಿದ್ದರೆ ಯಾವ ಜಾಗಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಅಂದಾಜೂ ಸಿಗುತ್ತದೆ. ಮೈಬಣ್ಣ ಒಬ್ಬೊಬ್ಬರದು ಒಂದೊಂದು ಥರ, ಆದ್ದರಿಂದ 72 ಎಂಬ ಅಂಕಿಯನ್ನು ನೆಚ್ಚಬೇಡಿ. ಅದೇ ಮುಖದ ಹೊಳಪಿಲ್ಲದ ಜಾಗಕ್ಕೆ ಹೋಲಿಸಿ.

ಸಂಜೆಯ ಫ್ರೇಮ್‌ನ ರಾ ಫೈಲ್ ಇದ್ದರೆ ಅಳೆಯುವ ಮೊದಲು Camera Raw ನಲ್ಲಿ ತೆರೆಯಿರಿ. `Alt` ಒತ್ತಿ ಹಿಡಿದು Whites ಸ್ಲೈಡರ್ ಎಳೆದರೆ ತೆರೆ ಕಪ್ಪಾಗಿ, ಸುಟ್ಟುಹೋದ ಜಾಗ ಮಾತ್ರ ಕಾಣುತ್ತದೆ. ಕೆಂಪಗೆ ಕಂಡರೆ R ಚಾನೆಲ್ ಒಂದೇ ಹೋಗಿದೆ, ಹಳದಿ ಕಂಡರೆ R ಮತ್ತು G, ಬಿಳಿ ಕಂಡರೆ ಮೂರೂ. ಮೈಬಣ್ಣದಲ್ಲಿ ಮೊದಲು ಸುಡುವುದು R. Highlights ಅನ್ನು −50ರಿಂದ −70ರವರೆಗೆ ಇಳಿಸಿದರೆ ಕೆಂಪು ಮತ್ತು ಹಳದಿ ಜಾಗಗಳು ಬಹುಮಟ್ಟಿಗೆ ವಾಪಸ್ ಬರುತ್ತವೆ. −100ಕ್ಕೆ ಎಳೆಯಬೇಡಿ. ಮೂರೂ ಚಾನೆಲ್ ಹೋದ ಕಡೆ ಏನೂ ಬರುವುದಿಲ್ಲ, ಸುತ್ತಲಿನ ಚರ್ಮ ಮಾತ್ರ ಚಪ್ಪಟೆಯಾಗಿ ಆ ಬಿಳಿ ತೇಪೆ ಇನ್ನಷ್ಟು ಎದ್ದು ಕಾಣುತ್ತದೆ. ಜೆಪೆಗ್ ಮಾತ್ರ ಇದ್ದರೆ ಈ ಹಂತದಿಂದ ಹೆಚ್ಚೇನೂ ಗಿಟ್ಟುವುದಿಲ್ಲ, ಮುಂದಕ್ಕೆ ಹೋಗಿ. ಎರಡೂ ಫೋಟೋಗಳನ್ನು ಒಂದೇ ಬಣ್ಣದ ಪ್ರೊಫೈಲ್‌ನಲ್ಲಿ, 16 ಬಿಟ್‌ನಲ್ಲಿ ತೆರೆಯಿರಿ.

ಹೊಳಪನ್ನು ಆಯ್ದುಕೊಳ್ಳುವುದು

ಹೊಳಪಿಗೆ ಮಾಸ್ಕ್ ಮಾಡಲು ಬೆಳಕಿನ ಆಧಾರದ ಸೆಲೆಕ್ಷನ್ ಬಳಸುವವರೇ ಹೆಚ್ಚು. ಅದಕ್ಕಿಂತ B ಚಾನೆಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಚರ್ಮ ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ಆ ಚಾನೆಲ್‌ನಲ್ಲಿ ಮುಖ ಕಪ್ಪಗಿರುತ್ತದೆ, ಹೊಳಪಿನಲ್ಲಿ ಮೈಬಣ್ಣ ಇಲ್ಲದ್ದರಿಂದ ಅದು ಬೆಳ್ಳಗೇ ಇರುತ್ತದೆ. ಮೇಲಿನ ಅಂಕಿಗಳನ್ನೇ ನೋಡಿ: ಕೆನ್ನೆಗೂ ಹೊಳಪಿನ ನಡುಭಾಗಕ್ಕೂ R ನಲ್ಲಿ 59ರ ಅಂತರ, B ನಲ್ಲಿ 123ರ ಅಂತರ.

Channels ಪ್ಯಾನೆಲ್‌ನಲ್ಲಿ Blue ಅನ್ನು ನಕಲು ಮಾಡಿ, ನಕಲಿನ ಮೇಲೆ Levels ತೆರೆದು, ಹೊಳಪಿಲ್ಲದ ಚರ್ಮ ಪೂರ್ತಿ ಕಪ್ಪಾಗುವವರೆಗೆ ಎಡಗಡೆಯ ಸ್ಲೈಡರ್ ಒಳಕ್ಕೆ ತನ್ನಿ. ನಮ್ಮ ಮುಖಕ್ಕೆ 135ರ ಹತ್ತಿರ ನಿಂತಿತು. ಕಣ್ಣಿನ ಬಿಳಿಭಾಗ, ಹಲ್ಲು, ನರೆಗೂದಲು, ಹಣೆಯಲ್ಲಿ ವಿಭೂತಿ ಇದ್ದರೆ ಅದೂ ಬೆಳ್ಳಗೆ ಉಳಿದಿರುತ್ತದೆ. ಅವುಗಳ ಮೇಲೆಲ್ಲ ಕಪ್ಪು ಬ್ರಷ್ ಎಳೆಯಿರಿ. ಕೊನೆಗೆ 3 ಪಿಕ್ಸೆಲ್ Gaussian Blur ಕೊಟ್ಟು, `Ctrl` ಒತ್ತಿ ಆ ಚಾನೆಲ್‌ನ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಸೆಲೆಕ್ಷನ್ ಬರುತ್ತದೆ.

ಹೊಳಪನ್ನು ಇಳಿಸುವುದು

ಮುಖದ ಲೇಯರ್ ಮೇಲೆ ಹೊಸ ಲೇಯರ್ ತೆಗೆದು ಮೋಡ್ ಅನ್ನು `Darken` ಮಾಡಿ, ಈಗ ಸಿಕ್ಕ ಸೆಲೆಕ್ಷನ್ನನ್ನು ಅದಕ್ಕೆ ಮಾಸ್ಕ್ ಆಗಿ ಕೊಡಿ. Hardness 0, Opacity 20% ಇರುವ ಬ್ರಷ್. `Alt` ಒತ್ತಿ ಹೊಳಪಿನ ಪಕ್ಕದ ಒಳ್ಳೆಯ ಚರ್ಮದಿಂದ ಬಣ್ಣ ಎತ್ತಿಕೊಂಡು ಹೊಳಪಿನ ಮೇಲೆ ಹಗುರವಾಗಿ ಎರಡು ಮೂರು ಸಲ ಓಡಿಸಿ. Darken ಮೋಡ್ ಬ್ರಷ್‌ನ ಬಣ್ಣಕ್ಕಿಂತ ಬೆಳ್ಳಗಿರುವುದನ್ನು ಮಾತ್ರ ಮುಟ್ಟುತ್ತದೆ. ರಂಧ್ರ, ಸುಕ್ಕು, ಹುಬ್ಬಿನ ಕೂದಲು ಅದಕ್ಕಿಂತ ಕಪ್ಪಗಿರುವುದರಿಂದ ಹಾಗೇ ಉಳಿಯುತ್ತವೆ.

ಒಂದೇ ಬಣ್ಣ ಎತ್ತಿಕೊಂಡು ಇಡೀ ಮುಖಕ್ಕೆ ಬಳಿಯಬೇಡಿ. ಹಣೆಯ ಚರ್ಮ ಸ್ವಲ್ಪ ಹಳದಿ ಕಡೆಗಿರುತ್ತದೆ, ಮೂಗು ಮತ್ತು ಕೆನ್ನೆ ಕೆಂಪಿನ ಕಡೆಗೆ. ಹಣೆಗೆ ಕಪೋಲದ ಮೇಲಿನ ಕಣತಲೆಯಿಂದ, ಮೂಗಿನ ತುದಿಗೆ ಮೂಗಿನ ಪಕ್ಕದಿಂದ, ಕೆನ್ನೆಯ ಮೂಳೆಗೆ ಅದರ ಕೆಳಗಿನಿಂದ ಎತ್ತಿಕೊಳ್ಳಿ.

ಎಷ್ಟಕ್ಕೆ ನಿಲ್ಲಿಸಬೇಕು? ಹೊಳಪು ಪೂರ್ತಿ ಹೋದರೆ ಮುಖ ಪ್ಲಾಸ್ಟಿಕ್ ಆಗುತ್ತದೆ. ಗ್ರೂಪ್ ಫೋಟೋದಲ್ಲಿ ಪಕ್ಕದಲ್ಲಿ ಕೂತವರ ಹಣೆ ನೋಡಿ. ಅಲ್ಲೂ ಒಂದು ತೆಳು ಹೊಳಪು ಇದ್ದೇ ಇದೆ. ಅವರ ಹಣೆಗೂ ಕೆನ್ನೆಗೂ ಎಷ್ಟು ಅಂತರವಿದೆಯೋ ಇಲ್ಲೂ ಅಷ್ಟೇ ಉಳಿಸಿ. ಸುಲಭದ ದಾರಿಯೆಂದರೆ ಮೊದಲು ಪೂರ್ತಿ ತೆಗೆದು, ಆಮೇಲೆ ಲೇಯರ್‌ನ Opacity ಅನ್ನು 75%ರ ಆಸುಪಾಸಿಗೆ ಇಳಿಸುವುದು.

ಇನ್ನು ಸತ್ತುಹೋದ ನಡುಭಾಗ. ಬಣ್ಣ ಬಂದಿದೆ, ಆದರೆ ಅಲ್ಲಿ ರಂಧ್ರವಿಲ್ಲ, ಸುಕ್ಕಿಲ್ಲ, ನುಣ್ಣಗಿದೆ. ಅಜ್ಜಿಯ ಹಣೆಯಲ್ಲಿ ಎರಡು ಗೆರೆಗಳು ಎಡಗಡೆಯಿಂದ ಬಂದು ಹೊಳಪಿನ ಅಂಚಿಗೆ ನಿಂತುಬಿಡುತ್ತವೆ, ನಾಣ್ಯದಗಲ ಜಾಗ ಬಿಟ್ಟು ಬಲಗಡೆ ಮತ್ತೆ ಶುರುವಾಗುತ್ತವೆ. ಮನೆಯವರಿಗೆ ಏನೋ ಸರಿಯಿಲ್ಲ ಅನ್ನಿಸುವುದು ಇಂಥ ಕಡೆ. ಹೊಸ ಲೇಯರ್‌ನಲ್ಲಿ Healing Brush ಹಿಡಿದು, Sample ಅನ್ನು `Current & Below` ಮಾಡಿ, ಕಣತಲೆಯ ಕಡೆಯ ಚರ್ಮವನ್ನು ಆ ಜಾಗಕ್ಕೆ ತನ್ನಿ. ಇದನ್ನು Darken ಲೇಯರ್ ಮುಗಿದ ಮೇಲೆಯೇ ಮಾಡಬೇಕು. Healing Brush ಸುತ್ತಲಿನ ಬೆಳಕನ್ನು ನೋಡಿ ಹೊಂದಿಸಿಕೊಳ್ಳುತ್ತದೆ. ಹೊಳಪು ಇರುವಾಗಲೇ ಬಳಸಿದರೆ ಆ ಬಿಳಿಯನ್ನೇ ಇನ್ನಷ್ಟು ಹರಡುತ್ತದೆ. ಆಮೇಲೆ 50% ಬೂದು ತುಂಬಿದ `Soft Light` ಲೇಯರ್ ಮೇಲೆ 3 ಪಿಕ್ಸೆಲ್ ಕಪ್ಪು ಬ್ರಷ್‌ನಿಂದ, 10% ಒಳಗಿನ Opacity ಇಟ್ಟು, ತುಂಡಾದ ಗೆರೆಗಳನ್ನು ಕೂಡಿಸಿ. ಗೆರೆಯ ಕೆಳಗೆ ಅಷ್ಟೇ ತೆಳುವಾಗಿ ಬಿಳಿ ಗೆರೆ ಎಳೆದರೆ ಸುಕ್ಕಿಗೆ ಉಬ್ಬುತಗ್ಗು ಬರುತ್ತದೆ.

ಫ್ರೀಕ್ವೆನ್ಸಿ ಸೆಪರೇಷನ್ ಬಳಸಬಾರದೇ ಎಂದು ಕೇಳುವವರಿದ್ದಾರೆ. ಈ ಕೆಲಸಕ್ಕೆ ಅದು ಅಷ್ಟು ಒಳ್ಳೆಯದಲ್ಲ. ಫ್ಲ್ಯಾಶ್ ಹೊಳಪಿನ ಅಂಚು ಚೂಪಾಗಿರುವುದರಿಂದ ಅದರ ಒಂದು ಪಾಲು ಬಣ್ಣದ ಲೇಯರ್‌ಗೂ ಇನ್ನೊಂದು ಪಾಲು ಟೆಕ್ಸ್‌ಚರ್ ಲೇಯರ್‌ಗೂ ಹಂಚಿಹೋಗುತ್ತದೆ. ಕೆಳಗಿನ ಲೇಯರ್‌ನಲ್ಲಿ ಹೊಳಪು ತೆಗೆದರೂ ಮೇಲಿನದರಲ್ಲಿ ಅದರ ಉಂಗುರ ಉಳಿಯುತ್ತದೆ.

ಬಣ್ಣ ಹೊಂದಿಸುವುದು

ಹೊಳಪು ಇಳಿದ ಮೇಲೆಯೇ ಬಣ್ಣಕ್ಕೆ ಕೈ ಹಾಕಿ. `Match Color` ಥರದ ಆಜ್ಞೆಗಳು ಇಡೀ ಮುಖದ ಸರಾಸರಿ ತೆಗೆದುಕೊಳ್ಳುತ್ತವೆ. ಅದರಲ್ಲಿ ಬಿಳಿ ಹೊಳಪೂ ಸೇರಿದರೆ ಉಳಿದ ಚರ್ಮ ಬೇಕಾದ್ದಕ್ಕಿಂತ ಕಪ್ಪಾಗುತ್ತದೆ.

ಪಕ್ಕದವರ ಮುಖಕ್ಕೆ ಹೊಂದಿಸುವುದು ಇನ್ನೊಂದು ತಪ್ಪು, ಅವರ ಮೈಬಣ್ಣವೇ ಬೇರೆ. ಅಜ್ಜಿಯ ಕುತ್ತಿಗೆ, ಕೈ, ಕಿವಿ, ಕೂದಲು ಗ್ರೂಪ್ ಫೋಟೋದಲ್ಲೇ ಇವೆಯಲ್ಲ, ಅವಕ್ಕೇ ಹೊಂದಿಸಿ. ನರೆಗೂದಲಂತೂ ಈ ಕೆಲಸಕ್ಕೆ ಸಿಗುವ ಅತ್ಯುತ್ತಮ ಅಳತೆಗೋಲು, ಏಕೆಂದರೆ ಅದಕ್ಕೆ ತನ್ನದೇ ಬಣ್ಣ ಬಹಳ ಕಡಿಮೆ. ಫ್ಲ್ಯಾಶ್‌ನ ಬೆಳಕು ಸುಮಾರು 5500 ಕೆಲ್ವಿನ್, ತೆರೆದ ಆಕಾಶದ ನೆರಳು 7000 ದಾಟುತ್ತದೆ. ಆ ನೀಲಿಛಾಯೆ ಕೂದಲಿನಲ್ಲಿ ನೇರವಾಗಿ ಕಾಣುತ್ತದೆ.

ನಮ್ಮ ಉದಾಹರಣೆಯಲ್ಲಿ ಫ್ಲ್ಯಾಶ್ ಫೋಟೋದ ಕುತ್ತಿಗೆ 184, 140, 114. ಗ್ರೂಪ್ ಫೋಟೋದಲ್ಲಿ ಅದೇ ಕುತ್ತಿಗೆ 152, 119, 106. ಕೂದಲು ಫ್ಲ್ಯಾಶ್ ಫೋಟೋದಲ್ಲಿ 205, 203, 199. ಗ್ರೂಪ್ ಫೋಟೋದಲ್ಲಿ 168, 172, 181. ಮುಖದ ಲೇಯರ್‌ಗೆ ಕ್ಲಿಪ್ ಮಾಡಿದ Curves ನಲ್ಲಿ ಒಂದೊಂದು ಚಾನೆಲ್‌ಗೂ ಎರಡೆರಡು ಬಿಂದು ಇಟ್ಟರೆ ಸಾಕು:

```
Red    Input 184 → Output 152    205 → 168
Green  Input 140 → Output 119    203 → 172
Blue   Input 114 → Output 106    199 → 181
```

R ಹೆಚ್ಚು ಇಳಿದು B ಕಡಿಮೆ ಇಳಿದಿರುವುದನ್ನು ಗಮನಿಸಿ. ನೆರಳಿನ ತಂಪು ಬಣ್ಣ ಬಂದದ್ದು ಅದರಿಂದಲೇ. ಕುತ್ತಿಗೆಯ ಅಳತೆ ತೆಗೆಯುವಾಗ ಗಲ್ಲದ ನೆರಳು ಬಿದ್ದ ಜಾಗವನ್ನು ಬಿಟ್ಟು ಕೆಳಗೆ ಇಡಿ.

ಇಷ್ಟಾದರೂ ಮುಖ ಅಂಟಿಸಿದ ಹಾಗೆ ಕಂಡರೆ

ಈಗ ಉಳಿದಿರುವುದು ಬೆಳಕಿನ ಆಕಾರ. ಹೊಳಪು ಹೋಯಿತು, ಬಣ್ಣ ಹೊಂದಿತು, ಆದರೆ ಮುಖ ಚಪ್ಪಟೆ. ಎಲ್ಲಕ್ಕಿಂತ ಮೇಲೆ ಒಂದು Black & White ಲೇಯರ್ ಹಾಕಿ, ಫೋಟೋವನ್ನು ಬೆರಳುದ್ದಕ್ಕೆ ಚಿಕ್ಕದು ಮಾಡಿ ನೋಡಿ. ಫ್ಲ್ಯಾಶ್ ಕ್ಯಾಮೆರಾದ ಕಡೆಯಿಂದಲೇ ಬಂದಿದ್ದರಿಂದ ಮುಖದ ನಡುಭಾಗ ಬೆಳಗಿ, ಎರಡೂ ಕಿವಿಗಳ ಕಡೆಗೆ ಸಮನಾಗಿ ಕಪ್ಪಾಗಿರುತ್ತದೆ. ಕಣ್ಣಿನ ಗುಳಿಯಲ್ಲಿ, ಮೂಗಿನ ಕೆಳಗೆ ನೆರಳೇ ಇರುವುದಿಲ್ಲ. ಆಕಾಶದ ಬೆಳಕು ಮೇಲಿಂದ ಬರುತ್ತದೆ: ಹಣೆಯ ಮೇಲ್ಭಾಗ ಎಲ್ಲಕ್ಕಿಂತ ಬೆಳ್ಳಗೆ, ಹುಬ್ಬಿನ ಕೆಳಗೆ, ಮೂಗಿನ ಕೆಳಗೆ, ಕೆಳತುಟಿಯ ಕೆಳಗೆ, ಗಲ್ಲದ ಕೆಳಗೆ ಅಂಚಿಲ್ಲದ ಮೆದು ನೆರಳು. ಗೋಡೆ ಯಾವ ಕಡೆಗಿದೆಯೋ ಆ ಕೆನ್ನೆ ತುಸು ಮಂಕು.

ಎರಡು Curves ಲೇಯರ್ ಮಾಡಿ. ಒಂದರಲ್ಲಿ ನಡುಬಿಂದು 128ನ್ನು 105ಕ್ಕೆ ಇಳಿಸಿ, ಇನ್ನೊಂದರಲ್ಲಿ 145ಕ್ಕೆ ಏರಿಸಿ. ಎರಡರ ಮಾಸ್ಕ್ ಕಪ್ಪು. ಬಿಳಿ ಬ್ರಷ್, Flow 5ರಿಂದ 8%. ಕಪ್ಪು ಮಾಡುವ ಲೇಯರ್‌ನಲ್ಲಿ ಹುಬ್ಬಿನ ಕೆಳಗಿನ ಗುಳಿ, ಮೂಗಿನ ಬುಡ, ಕೆಳತುಟಿಯ ಕೆಳಗೆ, ದವಡೆಯ ಉದ್ದಕ್ಕೂ ಓಡಿಸಿ. ಕೆನ್ನೆಗೆ 180 ಪಿಕ್ಸೆಲ್ ಬ್ರಷ್, ಮೂಗಿನ ಕೆಳಗೆ 50. ಬೆಳ್ಳಗೆ ಮಾಡುವ ಲೇಯರ್‌ನಲ್ಲಿ ಕಣತಲೆ ಮತ್ತು ಕಿವಿಯ ಮುಂದಿನ ಭಾಗ, ಅಂದರೆ ಫ್ಲ್ಯಾಶ್ ತಲುಪದೆ ಬಿಟ್ಟ ಜಾಗ. ಕಪ್ಪು ಮಾಡಿದಲ್ಲಿ ಚರ್ಮ ಕೆಂಪೇರಿದರೆ ಆ ಲೇಯರ್‌ನ ಮೋಡ್ `Luminosity` ಮಾಡಿ. ನಡುನಡುವೆ ಪಕ್ಕದವರ ಮುಖದ ಕಡೆ ಕಣ್ಣಾಡಿಸುತ್ತಿರಿ, ಕೈ ಮೀರಿಹೋಗುವುದು ಇಲ್ಲಿಯೇ.

ಫ್ಲ್ಯಾಶ್ ಹೊಡೆದ ಫೋಟೋದಲ್ಲಿ ಗಲ್ಲದ ಕೆಳಗೆ ಚೂಪು ಅಂಚಿನ ಕಪ್ಪು ನೆರಳು ಇರುತ್ತದೆ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ತೆಗೆದಿದ್ದರೆ ಫ್ಲ್ಯಾಶ್ ಪಕ್ಕಕ್ಕೆ ಹೋಗಿರುವುದರಿಂದ ಆ ನೆರಳು ಒಂದೇ ಕಿವಿಯ ಹಿಂದೆ ಬಿದ್ದಿರುತ್ತದೆ. ಅದನ್ನು ಮೆದು ಮಾಡಲು ಹೋಗಬೇಡಿ, ತರಲೇಬೇಡಿ. ದವಡೆಯ ಗೆರೆಗೆ ಮಾಸ್ಕ್ ಮುಗಿಸಿ, ಕುತ್ತಿಗೆ ಗ್ರೂಪ್ ಫೋಟೋದ್ದೇ ಇರಲಿ.

ಕಣ್ಣು, ಮೂಗುಬೊಟ್ಟು, ಕೂದಲು

ಕಣ್ಣಿನ ಪಾಪೆಯ ನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಇದ್ದರೆ ಅದು ಫ್ಲ್ಯಾಶ್‌ನ ಗುರುತು. ಪಕ್ಕದವರ ಕಣ್ಣಲ್ಲಿ ಬೆಳಕು ಮೇಲ್ಭಾಗದಲ್ಲಿ ಅಗಲವಾಗಿ, ಮಂಕಾಗಿ ಬಿದ್ದಿರುತ್ತದೆ. ಚುಕ್ಕೆಯನ್ನು ಪಾಪೆಯ ಕಪ್ಪಿನಿಂದ ಮುಚ್ಚಿ, ಅವರ ಕಣ್ಣಿನ ಬೆಳಕನ್ನು ನಕಲು ಮಾಡಿ `Screen` ಮೋಡ್‌ನಲ್ಲಿ ಅದೇ ಎತ್ತರಕ್ಕೆ ಇಡಿ. ಬೆಳಕು ಎರಡೂ ಕಣ್ಣಲ್ಲಿ ಒಂದೇ ಕಡೆ ಇರಬೇಕು, ಒಂದನ್ನು ತಿರುವಿ ಹಾಕಬೇಡಿ.

ಮೂಗುಬೊಟ್ಟು ಮತ್ತು ಬೆಂಡೋಲೆಯ ಹರಳುಗಳನ್ನು ಬಹಳ ಜನ ಮರೆಯುತ್ತಾರೆ. ಫ್ಲ್ಯಾಶ್‌ಗೆ ಅವು ನಕ್ಷತ್ರದ ಹಾಗೆ ಸಿಡಿಯುತ್ತವೆ, ನೆರಳಿನಲ್ಲಿ ಅದೇ ಹರಳು ಶಾಂತವಾಗಿ ಕಾಣುತ್ತದೆ. ಚಿನ್ನದ ಹೊಳಪಿಗೆ ಮೇಲಿನ Darken ವಿಧಾನ ನಡೆಯುವುದಿಲ್ಲ, ಲೋಹದ ಪ್ರತಿಫಲನಕ್ಕೆ ಲೋಹದ್ದೇ ಬಣ್ಣ ಇರುತ್ತದೆ, ಚರ್ಮದ ಬಣ್ಣ ಹತ್ತಿಸಿದರೆ ತಾಮ್ರದಂತಾಗುತ್ತದೆ. ಓಲೆಗಳು ಗ್ರೂಪ್ ಫೋಟೋದಲ್ಲಿ ಕಾಣುತ್ತಿದ್ದರೆ ಮಾಸ್ಕ್‌ನಲ್ಲಿ ಆ ಜಾಗ ಬಿಟ್ಟು ಅವನ್ನೇ ಉಳಿಸಿ. ಎಣ್ಣೆ ಹಾಕಿ ಬಾಚಿದ ಕೂದಲಿನ ಮೇಲೆ ಬೈತಲೆಗೆ ಅಡ್ಡವಾಗಿ ಬಿಳಿ ಪಟ್ಟಿ ಬಿದ್ದಿದ್ದರೂ ಇದೇ ಉಪಾಯ: ಕೂದಲು ಗ್ರೂಪ್ ಫೋಟೋದ್ದು, ಮುಖ ಮಾತ್ರ ಫ್ಲ್ಯಾಶ್‌ನದು. ಅಜ್ಜಿಯ ತಲೆ ಪಕ್ಕಕ್ಕೆ ತಿರುಗಿದ್ದು ಸ್ವಲ್ಪವಾದರೆ ಇದು ಸಾಧ್ಯ. ಪೂರ್ತಿ ತಿರುಗಿದ್ದರೆ ಫ್ಲ್ಯಾಶ್‌ನ ಕೂದಲನ್ನೇ ತಂದು ಆ ಪಟ್ಟಿಯನ್ನು Darken ನಿಂದ ಇಳಿಸಬೇಕಾಗುತ್ತದೆ.

ಫ್ಲ್ಯಾಶ್ ಮುಖ ಸಾಮಾನ್ಯವಾಗಿ ಗ್ರೂಪ್ ಫೋಟೋಗಿಂತ ಚೂಪಾಗಿರುತ್ತದೆ. 100%ನಲ್ಲಿ ಪಕ್ಕದ ಮುಖದ ಹುಬ್ಬಿನ ಜೊತೆ ಹೋಲಿಸಿ, 0.5 ಪಿಕ್ಸೆಲ್ Gaussian Blur ಕೊಟ್ಟು, ಅದರ ಮೇಲೆ ಗ್ರೂಪ್ ಫೋಟೋದ ಗ್ರೇನ್‌ಗೆ ಸರಿಯಾಗಿ Add Noise 2%, Gaussian, Monochromatic ಹಾಕಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಎಲ್ಲಿ ಕೈಬಿಡಬೇಕು

ಕಣ್ಣು ಮುಚ್ಚಿದ್ದಷ್ಟೇ ತೊಂದರೆಯಾಗಿದ್ದರೆ ಇಡೀ ಮುಖ ಬದಲಿಸುವ ಗೊಡವೆಗೇ ಹೋಗಬೇಡಿ. ಹುಬ್ಬಿನ ಕೆಳಗಿನಿಂದ ಕೆನ್ನೆಯ ಮೂಳೆಯ ಮೇಲಿನವರೆಗೆ, ಕಣ್ಣಿನ ಭಾಗ ಮಾತ್ರ ತನ್ನಿ. ಹಣೆ, ಮೂಗು, ಕೆನ್ನೆಯ ಹೊಳಪು ಹೊರಗೇ ಉಳಿಯುತ್ತದೆ, ಮೇಲೆ ಹೇಳಿದ ಕೆಲಸದಲ್ಲಿ ಮುಕ್ಕಾಲು ಪಾಲು ತಪ್ಪುತ್ತದೆ.

ಬೆವರಿನ ಹನಿಗಳು ಬಿಡಿಬಿಡಿಯಾಗಿ ಹೊಳೆಯುತ್ತಿದ್ದರೆ, ಹಣೆಯ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ R ಮತ್ತು B ನಡುವಿನ ಅಂತರ 15ಕ್ಕಿಂತ ಕೆಳಗಿದ್ದರೆ, ಕನ್ನಡಕದ ಗಾಜಿನ ಮೇಲೆ ಫ್ಲ್ಯಾಶ್ ಬಿದ್ದು ಕಣ್ಣೇ ಮುಚ್ಚಿಹೋಗಿದ್ದರೆ ಆ ಫ್ರೇಮ್ ಬಿಡಿ. ವಾಟ್ಸ್ಯಾಪ್‌ನಲ್ಲಿ ಬಂದ ಫೋಟೋ ಆಗಿದ್ದರೆ ಅಳತೆಯೂ ಚಿಕ್ಕದು, ಹೊಳಪಿನ ಅಂಚಿನಲ್ಲಿ ಜೆಪೆಗ್ ಚೌಕಗಳೂ ಕೂತಿರುತ್ತವೆ, Darken ಬ್ರಷ್ ಓಡಿಸಿದರೆ ಅವೇ ಎದ್ದು ಕಾಣುತ್ತವೆ. ಮನೆಯವರ ಬಳಿ ಅದೇ ದಿನದ್ದು ಬೇರೆ ಫೋಟೋ ಇದೆಯೇ ಕೇಳಿ. ಕಿಟಕಿಯ ಪಕ್ಕ ಫ್ಲ್ಯಾಶ್ ಇಲ್ಲದೆ ಮೊಬೈಲ್‌ನಲ್ಲಿ ತೆಗೆದ ಫೋಟೋದ ಮೂಲ ಫೈಲ್ ಸಿಕ್ಕರೂ ನೇರ ಫ್ಲ್ಯಾಶ್ ಹೊಡೆದ ಫ್ರೇಮ್‌ಗಿಂತ ಅದು ಬೇಗ ಹೊಂದುತ್ತದೆ.